‘ಜ್ಞ’ದ ಮುಂದೆ ಬಂದು ನಿಲ್ಲುವ ಬೀಳ್ಕೊಡುಗೆ ಕವಿತೆ

ಮಳವಳ್ಳಿಯಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿರುವ ಹಲಗೂರಿನಂಥ ಊರಿನಲ್ಲಿ ಮೇಷ್ಟ್ರೊಬ್ಬರು ನಿವೃತ್ತರಾದರೆ ಅದು ಶಾಲೆಯ ಒಳಗೆ ಮುಗಿದುಹೋಗುವ ಸಂಗತಿಯಲ್ಲ. ಹಳೆಯ ವಿದ್ಯಾರ್ಥಿಗಳು ಸೇರುತ್ತಾರೆ, ಶಾಮಿಯಾನ ಏಳುತ್ತದೆ, ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಬರುತ್ತವೆ. ಇವೆಲ್ಲದರ ಜೊತೆಗೆ ಗಾಜಿನ ಚೌಕಟ್ಟಿನೊಳಗೆ ಒಂದು ಬಿನ್ನವತ್ತಳೆಯೂ ಇರುತ್ತದೆ. ಶಾಲು ಬೀರುವಿಗೆ ಹೋಗುತ್ತದೆ, ಹಣ್ಣು ಅಂದೇ ಹಂಚಿಹೋಗುತ್ತದೆ. ಮೇಷ್ಟ್ರ ಮನೆಯ ಗೋಡೆಯ ಮೇಲೆ ಉಳಿಯುವುದು ಬಿನ್ನವತ್ತಳೆಯೊಂದೇ. ಆದ್ದರಿಂದ ಅದರಲ್ಲಿ ಏನು ಬರೆದಿದೆ ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಮೂವತ್ತು ವರ್ಷದ ದುಡಿಮೆಗೆ ಊರು ಬರೆದುಕೊಟ್ಟ ಒಂದೇ ಒಂದು ಕಾಗದ ಅದು.

ಹಿಂದೆ ಬಿನ್ನವತ್ತಳೆ ಎಂದರೆ ಗದ್ಯ; ‘ಮಾನ್ಯರೇ’ ಎಂದು ಶುರುವಾಗಿ ‘ಇಂತಿ ತಮ್ಮ ವಿಶ್ವಾಸಿಗಳು’ ಎಂದು ಮುಗಿಯುವಂಥದ್ದು. ಈಚೆಗೆ ಗದ್ಯದ ಜಾಗಕ್ಕೆ ಬೇರೊಂದು ಬಗೆ ಬಂದು ಕುಳಿತಿದೆ. ‘ಕೃತಜ್ಞತೆ’ ಎಂಬ ಪದವನ್ನು ಮೇಲಿನಿಂದ ಕೆಳಕ್ಕೆ ಕೆಂಪು ಅಕ್ಷರದಲ್ಲಿ ಇಳಿಸಿ, ಒಂದೊಂದು ಅಕ್ಷರದಿಂದ ಒಂದೊಂದು ಸಾಲನ್ನು ಹೊರಡಿಸುವ ಕವಿತೆ ಅದು. ಇದನ್ನು ನಾವಿಲ್ಲಿ ಮೊದಲಕ್ಷರದ ಕವಿತೆ ಎಂದು ಕರೆಯೋಣ. ಇಂಗ್ಲಿಷ್ ಶಾಲೆಗಳಲ್ಲಿ ‘ಗ್ರಾಟಿಟ್ಯೂಡ್’ ಎಂಬ ಪದದಿಂದ ಇದೇ ಆಟ ಆಡಿಸುತ್ತಾರೆ, ಅಲ್ಲಿಂದ ನಮ್ಮ ಕನ್ನಡ ಶಾಲೆಗಳಿಗೂ ಅದು ನಡೆದು ಬಂದಿದೆ. ಬಂದದ್ದಕ್ಕೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಆ ಕವಿತೆ ಮೂರನೆಯ ಸಾಲಿಗೆ ಬಂದಾಗ ಅದಕ್ಕೆ ಆಗುವ ಗತಿಯ ಬಗ್ಗೆ.

ಲೆಕ್ಕ ಹಾಕಿ ನೋಡೋಣ. ಇಂಗ್ಲಿಷಿನ ಪದದಲ್ಲಿ 9 ಅಕ್ಷರಗಳಿವೆ, ಅಂದರೆ 9 ಸಾಲು. ಆ ಒಂಬತ್ತರಲ್ಲಿ ಯಾವ ಅಕ್ಷರಕ್ಕೂ ಪದಗಳ ಬರವಿಲ್ಲ. ಬರೆಯುವ ಹುಡುಗ ತನಗೆ ಬೇಕಾದ ಪದವನ್ನು ಆರಿಸಿಕೊಳ್ಳಬಹುದು. ಕನ್ನಡದ ‘ಕೃತಜ್ಞತೆ’ಯಲ್ಲಿ ಇರುವುದು ಕೃ, ತ, ಜ್ಞ, ತೆ ಎಂಬ ನಾಲ್ಕೇ ಅಕ್ಷರ. ಇವುಗಳಲ್ಲಿ ತ ಮತ್ತು ತೆ ಉದಾರಿಗಳು. ತಪ್ಪು, ತರಗತಿ, ತಡ, ತಟ್ಟೆ, ತೆಂಗು, ತೆನೆ, ತೆರೆ ಎಂದು ಎಷ್ಟು ಬೇಕಾದರೂ ಕೊಡುತ್ತವೆ. ಕೃ ಜಿಪುಣ. ಕೃಪೆ, ಕೃತಿ, ಕೃಷಿ, ಕೃಷ್ಣ ಎಂದು ಕೊಟ್ಟು, ಆಮೇಲೆ ಕೃಶ, ಕೃತಕ, ಕೃಪಣ ಎಂದು ಮುಂದಿಡುತ್ತದೆ. ಕೊನೆಯ ಮೂರನ್ನು ನಿವೃತ್ತರಾಗುವ ಮೇಷ್ಟ್ರ ಮುಂದೆ ಹೇಳುವ ಹಾಗಿಲ್ಲ. ಇನ್ನು ಜ್ಞ. ನಿಘಂಟನ್ನು ತಿರುವಿ ಹಾಕಿದರೆ ಜ್ಞಾತಿ, ಜ್ಞಪ್ತಿ ಎಂಬ ಒಂದೆರಡು ಪಂಡಿತರ ಪದ ಸಿಕ್ಕೀತು. ಬಳಕೆಯಲ್ಲಿ ಇರುವುದು ಎರಡೇ ಮನೆತನ: ಒಂದು ಜ್ಞಾನ, ಇನ್ನೊಂದು ಜ್ಞಾಪಕ.

ಹೀಗಿರುವಾಗ ಕವಿತೆ ಹೇಗಿರುತ್ತದೆ ಎನ್ನುವುದನ್ನು ಓದುವ ಮೊದಲೇ ಹೇಳಿಬಿಡಬಹುದು. ಯಾರ ಕವಿತೆಯನ್ನೂ ಎತ್ತಿಕೊಳ್ಳದೆ, ಈ ಬಗೆಯ ಮಾದರಿಯೊಂದನ್ನು ನಾವೇ ಇಲ್ಲಿ ಕಟ್ಟುತ್ತೇವೆ:

ಕೃಪಾಸಾಗರರೇ, ನಮ್ಮ ಗುರುವರ್ಯರೇ,
ತನುಮನವ ಸವೆಸಿ ದುಡಿದವರೇ,
ಜ್ಞಾನದ ಜ್ಯೋತಿಯ ಬೆಳಗಿದವರೇ,
ತೆರೆದ ಹೃದಯದ ಮಹನೀಯರೇ.

ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಅಕ್ಷರ ತಪ್ಪಿಲ್ಲ, ಕೊನೆಯ ಪ್ರಾಸವೂ ಕೂಡಿಬಂದಿದೆ. ಕಷ್ಟ ಇರುವುದು ಬೇರೆ ಕಡೆ. ಈ ನಾಲ್ಕು ಸಾಲನ್ನು ಗಣಿತದ ಮೇಷ್ಟ್ರಿಗೂ ಕೊಡಬಹುದು, ಡ್ರಿಲ್ ಮೇಷ್ಟ್ರಿಗೂ ಕೊಡಬಹುದು. ಹಲಗೂರಿನಲ್ಲೂ ಓದಬಹುದು, ಹೊಸಪೇಟೆಯಲ್ಲೂ ಓದಬಹುದು. ಪಾಠವನ್ನೇ ಮಾಡದೆ ಮೂವತ್ತು ವರ್ಷ ಕಳೆದವರಿಗೂ ಅಡ್ಡಿಯಿಲ್ಲದೆ ಒಪ್ಪುತ್ತದೆ. ಬರೆದವರಿಗೆ ಮೇಷ್ಟ್ರ ಮೇಲೆ ಪ್ರೀತಿ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಪ್ರೀತಿ ಇತ್ತು. ಆದರೆ ಪದ ಆರಿಸುವ ಕೆಲಸವನ್ನು ಅವರು ಮಾಡಲಿಲ್ಲ, ಅದನ್ನು ಜ್ಞ ಮಾಡಿತು. ಮೂರನೆಯ ಸಾಲಿಗೆ ಜ್ಞಾನ ಬಂದೇ ಬರಬೇಕು, ಜ್ಞಾನ ಬಂದ ಮೇಲೆ ಜ್ಯೋತಿಯೋ ಸಾಗರವೋ ಅದರ ಹಿಂದೆ ಬಂದೇ ಬರುತ್ತದೆ, ಅಷ್ಟು ಬಂದ ಮೇಲೆ ಉಳಿದ ಮೂರು ಸಾಲುಗಳೂ ಅದೇ ಎತ್ತರದ ದನಿಗೆ ಏರಲೇಬೇಕು. ಒಂದು ಅಕ್ಷರದ ಬಡತನ ನಾಲ್ಕು ಸಾಲಿಗೂ ಹಬ್ಬಿತು.

ಕನ್ನಡ ಕಾವ್ಯಕ್ಕೆ ಇಂಥ ಕಟ್ಟು ಹೊಸದಲ್ಲ. ನಮ್ಮ ಹಳೆಯ ಕವಿಗಳು ಸಾಲಿನ ಕೊನೆಗಿಂತ ಸಾಲಿನ ಆರಂಭಕ್ಕೆ ಹೆಚ್ಚು ಕಿವಿಗೊಟ್ಟವರು. ಪದ್ಯದ ಎಲ್ಲ ಸಾಲುಗಳಲ್ಲೂ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು ಎಂಬುದು ಅವರು ನೂರಾರು ವರ್ಷ ಪಾಲಿಸಿದ ನಿಯಮ. ಪ್ರಾಸಕ್ಕೆ ಸುಲಭವಾದ ಅಕ್ಷರ ಹಿಡಿದವರು ಹಾಯಾಗಿ ಮುಂದೆ ಹೋದರು, ಕಷ್ಟದ ಅಕ್ಷರ ಹಿಡಿದವರು ಪ್ರಾಸಕ್ಕಾಗಿ ಪದ ಹುಡುಕುತ್ತ ಹೇಳಬೇಕಾದ್ದನ್ನು ಬಿಟ್ಟರು. ಮಂಜೇಶ್ವರದ ಗೋವಿಂದ ಪೈ ಅವರು 1911ರಲ್ಲಿ ಈ ಪ್ರಾಸವನ್ನು ಬಿಟ್ಟು ಬರೆಯತೊಡಗಿದ್ದು ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ ಎಂದು ಎಣಿಸಲ್ಪಟ್ಟಿದೆ. ಪ್ರಾಸ ಅಂದವಲ್ಲ ಎಂದಲ್ಲ, ಅದು ಕವಿಯ ಕೈಯಿಂದ ಆಯ್ಕೆಯನ್ನು ಕಿತ್ತುಕೊಳ್ಳುವ ಹೊತ್ತು ಬಂದಿತ್ತು. ಆ ಕಟ್ಟನ್ನು ಬಿಚ್ಚಿದ ಭಾಷೆಗೆ ನಾವು ಬೀಳ್ಕೊಡುಗೆಯ ದಿನ ಅದಕ್ಕಿಂತ ಬಿಗಿಯಾದ ಇನ್ನೊಂದು ಕಟ್ಟನ್ನು ತೊಡಿಸುತ್ತಿದ್ದೇವೆ. ಪ್ರಾಸದ ಅಕ್ಷರವನ್ನಾದರೂ ಹಳೆಯ ಕವಿ ತಾನೇ ಆರಿಸಿಕೊಳ್ಳುತ್ತಿದ್ದ. ಇಲ್ಲಿ ಆ ಅವಕಾಶವೂ ಇಲ್ಲ.

ಉರ್ದುವಿನಲ್ಲಿ ಓದಿದವರಿಗೆ ಈ ಆಟದ ಪರಿಚಯ ಇನ್ನೊಂದು ದಾರಿಯಿಂದ ಇದೆ. ಫಾರಸಿ ಮತ್ತು ಉರ್ದು ಕಾವ್ಯದಲ್ಲಿ ಇದಕ್ಕೆ ತೌಶೀಹ್ ಎಂದು ಹೆಸರು. ಸಾಲುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಒಬ್ಬರ ಹೆಸರು ಹೊರಡಬೇಕು. ಬೀಳ್ಕೊಡುಗೆಯ ದಿನ ಓದಿ ಒಪ್ಪಿಸುವ ಪತ್ರಕ್ಕೆ ಉರ್ದು ಶಾಲೆಗಳಲ್ಲಿ ಸಿಪಾಸ್‌ನಾಮಾ ಎನ್ನುತ್ತಾರೆ. ಸಿಪಾಸ್ ಎಂದರೇ ಕೃತಜ್ಞತೆ. ಅಲ್ಲಿ ‘ಶುಕ್ರಿಯಾ’ ಎಂಬ ಪದವನ್ನು ಕೆಳಕ್ಕಿಳಿಸಿದರೆ ಶೀನ್, ಕಾಫ್, ರೇ, ಯೇ, ಹೇ ಎಂದು 5 ಅಕ್ಷರ ಆಗುತ್ತವೆ. ಐದೂ ಸುಲಭ. ಕೊನೆಯ ಹೇ ಪದದ ತುದಿಯಲ್ಲಿ ಉಚ್ಚಾರವೇ ಆಗದೆ ಸುಮ್ಮನೆ ಕೂತಿರುತ್ತದೆ. ಸಾಲಿನ ಮೊದಲಿಗೆ ಬಂದ ಕೂಡಲೇ ಅದಕ್ಕೆ ದನಿ ಬಂದು ಹಮ್ ಎಂದೋ ಹರ್ ಎಂದೋ ಆಗುತ್ತದೆ. ಯೇ ಬಂದರೆ ಯಾದ್ ಎಂಬ ಪದ ತಾನಾಗಿ ಬಂದು ನಿಲ್ಲುತ್ತದೆ, ಅಂದರೆ ನೆನಪು.

ಉರ್ದುವಿಗೆ ಈ ಸಲೀಸು ಬಂದದ್ದು ಲಿಪಿಯಿಂದ. ಅಲ್ಲಿ ಕಾಫ್ ಎಂದರೆ ಬರೀ ವ್ಯಂಜನ. ಅದರ ಮೇಲೆ ಕ, ಕಿ, ಕು ಯಾವ ಸ್ವರವನ್ನು ಏರಿಸಿದರೂ ಕಣ್ಣಿಗೆ ಕಾಣುವುದು ಅದೇ ಕಾಫ್, ಏಕೆಂದರೆ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ನಮ್ಮ ಅಕ್ಷರ ತನ್ನ ಸ್ವರವನ್ನೂ ಒತ್ತನ್ನೂ ಮೈಮೇಲೆ ಹೊತ್ತುಕೊಂಡೇ ನಡೆಯುತ್ತದೆ. ಕೃ ಬೇರೆ, ಕಿ ಬೇರೆ, ಕಾ ಬೇರೆ. ಉರ್ದುವಿನ ನಿಯಮವನ್ನೇ ತಂದು ಕೃ ಇರುವಲ್ಲಿ ಕಾ ಬಂದರೂ ನಡೆಯುತ್ತದೆ, ಜ್ಞ ಇರುವಲ್ಲಿ ಜ ಬಂದರೂ ನಡೆಯುತ್ತದೆ ಎಂದು ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು, ಆದರೆ ಆಗ ಓದುಗನ ಕಣ್ಣಿಗೆ ಮೇಲಿನಿಂದ ಕೆಳಕ್ಕೆ ‘ಕಾತಜತೆ’ ಎಂದು ಕಾಣುತ್ತದೆ, ಕೃತಜ್ಞತೆ ಮಾಯವಾಗುತ್ತದೆ.

ಇನ್ನೊಂದು ದಾರಿ ವ್ಯಾಕರಣದ್ದು. ಕೃತಜ್ಞತೆಯನ್ನು ವರ್ಣಗಳಾಗಿ ಬಿಡಿಸಿದರೆ ಕ್, ಋ, ತ್, ಅ, ಜ್, ಞ್, ಅ, ತ್, ಎ ಎಂದು ಸರಿಯಾಗಿ 9 ಆಗುತ್ತದೆ, ಇಂಗ್ಲಿಷಿನ ಪದದಷ್ಟೇ. ಒಂಬತ್ತು ಸಾಲಿನ ಕವಿತೆ ಬರೆಯಬಹುದಲ್ಲವೇ ಎನಿಸುತ್ತದೆ. ಬರೆಯಲು ಕೂತವರು ಐದು ಸಾಲು ದಾಟಿ ಆರನೆಯದಕ್ಕೆ ಬಂದಾಗ ಞ ಎದುರಾಗುತ್ತದೆ. ಅದರಿಂದ ಶುರುವಾಗುವ ಪದ ಬಳಕೆಯ ಕನ್ನಡದಲ್ಲಿ ಇಲ್ಲ. ಮತ್ತೆ ಅದೇ ಜ್ಞ, ಈ ಸಲ ಅರ್ಧ ಮೈಯಲ್ಲಿ ಬಂದು ದಾರಿಗೆ ಅಡ್ಡ ನಿಂತಿದೆ.

ಹಾಗಾದರೆ ಉಳಿಯುವುದು ನಿಯಮವನ್ನು ಬಿಟ್ಟು ಪದವನ್ನೇ ಬದಲಿಸುವ ದಾರಿ. ಇಲ್ಲೊಂದು ಮಾತು ಯೋಚಿಸುವಂಥದ್ದು. ಹಲಗೂರಿನ ಸುತ್ತ ಯಾರ ಬಾಯಲ್ಲೂ ಕೃತಜ್ಞತೆ ಎಂಬ ಪದ ದಿನಬಳಕೆಗೆ ಬರುವುದಿಲ್ಲ. ಅದು ವೇದಿಕೆಯ ಪದ. ಮನೆಯಲ್ಲಿ, ಹೊಲದಲ್ಲಿ ಜನ ಹೇಳುವುದು ಋಣ ಎಂದು, ಅದೂ ‘ರುಣ’ ಎಂದು. ‘ನಿಮ್ಮ ಉಪಕಾರ ಮರೆಯಕ್ಕಾಯ್ತದಾ’ ಎಂದು. ಋಣ ಎಷ್ಟು ದೊಡ್ಡ ಪದವಾದರೂ ಈ ಕವಿತೆಗೆ ಆಗುವುದಿಲ್ಲ, ಏಕೆಂದರೆ ಣಕಾರದಿಂದ ಕನ್ನಡದಲ್ಲಿ ಪದ ಹುಟ್ಟುವುದಿಲ್ಲ. ಧನ್ಯವಾದದಲ್ಲಿ ನ್ಯ ಇದೆ, ಅದು ನ್ಯಾಯ ಎಂಬ ಒಂದು ಪದ ಕೊಟ್ಟು ಸುಮ್ಮನಾಗುತ್ತದೆ. ಮೇಷ್ಟ್ರು ಎಂಬ ಪದವನ್ನೇ ಇಳಿಸೋಣವೆಂದರೆ ಎರಡನೆಯ ಅಕ್ಷರದಲ್ಲೇ ಮುರಿದುಬೀಳುತ್ತದೆ. ಉಪಕಾರ ಮಾತ್ರ ನಿಜಕ್ಕೂ ಉಪಕಾರಿ: ಉ, ಪ, ಕಾ, ರ. ಉದ್ದ, ಉಪ್ಪು, ಉತ್ತರ. ಪರೀಕ್ಷೆ, ಪಕ್ಕ, ಪಟ. ಕಾಲು, ಕಾಗದ, ಕಾಡು. ರಜೆ, ರಸ್ತೆ, ರಸೀದಿ. ಎಲ್ಲವೂ ಶಾಲೆಯ ಮಕ್ಕಳು ದಿನಾ ಆಡುವ ಪದಗಳೇ.

ಆದರೆ ಪದ ಬದಲಿಸಿದ ಮಾತ್ರಕ್ಕೆ ಕವಿತೆ ಬರುವುದಿಲ್ಲ. ಉಪಕಾರದ ಉಕಾರದಿಂದ ‘ಉದಾರ ಗುರುವೇ’ ಎಂದು ಹೊರಟರೆ ಮತ್ತೆ ಅದೇ ಹಳೆಯ ದಾರಿ. ಕೃತಜ್ಞತೆ ಎಂಬ ಪದ ಏನು ಹೇಳುತ್ತದೆ ಎನ್ನುವುದನ್ನು ಈಗ ನೋಡಬೇಕು. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗಾಗಿ ಮಾಡಿದ್ದನ್ನು ಬಲ್ಲವನು ಕೃತಜ್ಞ. ಪದದೊಳಗೆ ಹೊಗಳಿಕೆ ಇಲ್ಲ, ತಿಳಿವಳಿಕೆ ಇದೆ. ಅರಬಿಯ ಶುಕ್ರ್ ಎಂಬ ಪದವನ್ನೂ ನಿಘಂಟುಕಾರರು ಹತ್ತಿರ ಹತ್ತಿರ ಹೀಗೆಯೇ ಬಿಡಿಸುತ್ತಾರೆ. ರಾಗಿಬ್ ಇಸ್ಫಹಾನಿ ಹೇಳುವಂತೆ ಶುಕ್ರ್ ಎಂದರೆ ಪಡೆದ ಉಪಕಾರವನ್ನು ಮನಸ್ಸಿಗೆ ತಂದುಕೊಂಡು ಹೊರಗೆ ಕಾಣಿಸುವುದು, ಅದರ ಎದುರು ಪದ ಆ ಉಪಕಾರವನ್ನು ಮರೆತು ಮುಚ್ಚಿಡುವುದು. ಸಂಸ್ಕೃತದ ಪದವೂ ಅರಬಿಯ ಪದವೂ ನಮ್ಮನ್ನು ಕೇಳುವುದು ಒಂದೇ: ಅವರು ಏನು ಮಾಡಿದರು, ಅದನ್ನು ಹೇಳು. ಈ ಅಳತೆಯಲ್ಲಿ ನೋಡಿದರೆ ‘ಜ್ಞಾನದ ಜ್ಯೋತಿ ಬೆಳಗಿದವರೇ’ ಎಂಬ ಸಾಲು ಮೇಷ್ಟ್ರು ಮಾಡಿದ್ದನ್ನು ಕಾಣಿಸುವುದಿಲ್ಲ, ಮುಚ್ಚುತ್ತದೆ. ಹೊಗಳಿಕೆಯ ಶಾಲು ಹೊದಿಸಿ ಮುಚ್ಚುತ್ತದೆ.

ಒಬ್ಬ ಮೇಷ್ಟ್ರನ್ನು ಕಲ್ಪಿಸಿಕೊಳ್ಳೋಣ. ಗಣಿತ ಹೇಳುವವರು. ಮಂಡ್ಯ ಜಿಲ್ಲೆಯಲ್ಲಿ ಕಬ್ಬಿಗೆ ಬರವಿಲ್ಲವಲ್ಲ, ಭಿನ್ನರಾಶಿ ಪಾಠದ ದಿನ ಅವರು ಒಂದು ಜಲ್ಲೆ ತಂದು ಎಂಟು ಸಮಪಾಲು ಮಾಡಿ, ಮೂರನ್ನು ಒಬ್ಬನ ಕೈಗೆ ಕೊಟ್ಟು, ಎಂಟರಲ್ಲಿ ಮೂರು ಎಂದರೆ ಇದು ಎಂದು ತೋರಿಸುತ್ತಿದ್ದರು. ಪರೀಕ್ಷೆಯ ದಿನ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ಬರುತ್ತಿದ್ದರು. ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳನ್ನು ಮನೆಯವರು ಶಾಲೆ ಬಿಡಿಸಿದಾಗ ಮೂರು ಸಲ ಆ ಮನೆಗೆ ನಡೆದುಹೋದರು. ಇವಿಷ್ಟು ಅವರು ಮಾಡಿದ್ದು, ಅಂದರೆ ಕೃತ. ಇದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಉಪಕಾರದ ನಾಲ್ಕು ಅಕ್ಷರಕ್ಕೆ ಜೋಡಿಸಿದರೆ:

ಉದ್ದನೆ ಜಲ್ಲೆಯ ಎಂಟು ಪಾಲಲ್ಲಿ ಮೂರು ನಮ್ಮ ಕೈಗಿತ್ತಿರಿ,
ಪರೀಕ್ಷೆಯ ದಿನ ನಿಮ್ಮ ಜೇಬಿನ ಎರಡನೇ ಪೆನ್ನು ನಮಗೇ,
ಕಾಲುದಾರಿ ಹಿಡಿದು ಮೂರು ಸಲ ಹೋದಿರಿ, ಶಾಲೆ ಬಿಟ್ಟವಳ ಮನೆಗೆ,
ರಜೆ ಇನ್ನು ನಿಮಗೆ ಸಾರ್. ಅವಳೀಗ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ.

ಇದು ದೊಡ್ಡ ಕವಿತೆಯೇನೂ ಅಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಇದನ್ನು ಇನ್ನೊಬ್ಬ ಮೇಷ್ಟ್ರಿಗೆ ದಾಟಿಸಲು ಬರುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ಹುಟ್ಟಿದ್ದು ಕೆಲಸದ ಕ್ರಮದಲ್ಲಿ. ಮೊದಲನೆಯದರಲ್ಲಿ ಅಕ್ಷರ ಮೊದಲು ಬಂತು, ಪದ ಆಮೇಲೆ ಬಂತು, ಮೇಷ್ಟ್ರು ಬರಲೇ ಇಲ್ಲ. ಎರಡನೆಯದರಲ್ಲಿ ಮೇಷ್ಟ್ರು ಮಾಡಿದ್ದು ಮೊದಲು ಬಂತು, ಅದು ತನಗೆ ಬೇಕಾದ ಅಕ್ಷರವನ್ನು ಹುಡುಕಿಕೊಂಡಿತು. ಕೃತಜ್ಞತೆ ಎಂಬ ಪದವೇ ಬೇಕು ಎಂದು ಹಟ ಹಿಡಿದವರಿಗೂ ಸಣ್ಣ ಕಿಂಡಿಯೊಂದಿದೆ. ಜ್ಞಾನವನ್ನು ಬಿಟ್ಟು ಜ್ಞಾಪಕದ ಕಡೆ ಹೋಗುವುದು. ‘ಜ್ಞಾಪಕ ಇದೆಯೇ ಸಾರ್, ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದು ನಮ್ಮಿಂದ ತಿದ್ದಿಸಿದ ದಿನ’ ಎಂದು ಕೇಳಿದರೆ ಜ್ಞ ತಟಕ್ಕನೆ ವೇದಿಕೆಯಿಂದ ಇಳಿದು ಬೆಂಚಿನ ಮೇಲೆ ಬಂದು ಕೂರುತ್ತದೆ. ಕೃ ಮಾತ್ರ ಆಗಲೂ ತೊಡಕೇ. ಕೃಷಿ ಎಂದು ಶುರುಮಾಡಬಹುದು, ಆದರೆ ನಮ್ಮ ಕಡೆಯ ಹುಡುಗರು ಕೃಷಿ ಎನ್ನುವುದಿಲ್ಲ, ಬೇಸಾಯ ಎನ್ನುತ್ತಾರೆ.

ಇನ್ನೊಂದು ಸಂಗತಿಯನ್ನು ಬರೆಯುವವರು ಮರೆಯುತ್ತಾರೆ. ಮೊದಲಕ್ಷರದ ಆಟ ಕಣ್ಣಿನದು, ಬೀಳ್ಕೊಡುಗೆಯ ಸಭೆಯಲ್ಲಿ ಕವಿತೆ ಹೋಗುವುದು ಕಿವಿಗೆ. ಮೈಕಿನ ಮುಂದೆ ನಿಂತು ಓದುವಾಗ ಸಾಲಿನ ಮೊದಲಕ್ಷರ ಕೆಂಪಗಿದೆ ಎಂದು ಕೂತವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಓದುವವರು ಪ್ರತಿ ಸಾಲಿಗೂ ಮೊದಲು ‘ಕೃ ಎಂದರೆ’, ‘ತ ಎಂದರೆ’ ಎಂದು ಕೂಗಿ ಹೇಳುತ್ತಾರೆ, ಕವಿತೆ ಬಾಲಬೋಧೆಯ ಪಾಠವಾಗುತ್ತದೆ. ಒಳ್ಳೆಯ ಮೊದಲಕ್ಷರದ ಕವಿತೆ ಈ ಕೂಗಿಲ್ಲದೆಯೂ ನಿಲ್ಲಬೇಕು. ಸಭೆಯಲ್ಲಿ ಕೇಳಿ ಕಣ್ಣೊರೆಸಿಕೊಂಡ ಮೇಷ್ಟ್ರು, ಮನೆಗೆ ಹೋಗಿ ಗೋಡೆಗೆ ಹಾಕಿ, ನಾಲ್ಕು ದಿನದ ಮೇಲೆ ಚಾ ಕುಡಿಯುತ್ತ ನೋಡುವಾಗ, ಅರೆ, ಇಲ್ಲಿ ಉಪಕಾರ ಎಂದಿದೆಯಲ್ಲ ಎಂದು ತಾವೇ ಕಂಡುಕೊಳ್ಳಬೇಕು. ಅಕ್ಷರವನ್ನು ಕೆಂಪು ಮಾಡದೆ ಬಿಟ್ಟರೆ ಇದು ಸಾಧ್ಯ. ಬಣ್ಣ ಹಾಕಲೇಬೇಕೆಂದರೆ ಛಾಪಿಸುವ ಮೊದಲು ಒಂದು ಸಲ ನೋಡಬೇಕು. ಹಳೆಯ ಬಗೆಯ ಕನ್ನಡ ಫಾಂಟುಗಳಲ್ಲಿ ಒತ್ತಕ್ಷರ ಬೇರೆ ತುಂಡಾಗಿ ಕೂರುವುದರಿಂದ, ಜ ಕೆಂಪಾಗಿ ಅದರ ಒತ್ತು ಕಪ್ಪಾಗಿ ಉಳಿದುಬಿಡುವುದುಂಟು.

ಕವಿತೆಯನ್ನು ಒಬ್ಬರಿಗೇ ಬಿಗಿಯುವ ಅಕ್ಷರದಾಟಕ್ಕೆ ಮಾದರಿ ಬೇಕಿದ್ದರೆ ನಮ್ಮ ಜಿಲ್ಲೆಯಲ್ಲೇ ಇದೆ. ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಟಿಪ್ಪು ಸುಲ್ತಾನರ ಮರಣವನ್ನು ಕುರಿತ ಫಾರಸಿ ಪದ್ಯಗಳನ್ನು ಕೆತ್ತಿದ್ದಾರೆ. ಅರಬಿ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ, ಅಲಿಫ್‌ಗೆ 1, ಬೇಗೆ 2, ಹೀಗೆ ಗೈನ್‌ಗೆ 1000. ಪದ್ಯದ ಒಂದು ಮಾತಿನ ಅಕ್ಷರಗಳನ್ನು ಕೂಡಿದರೆ ಮರಣದ ವರ್ಷ ಹೊರಡುವಂತೆ ಬರೆಯುವುದಕ್ಕೆ ತಾರೀಖ್ ಎನ್ನುತ್ತಾರೆ. ಅಲ್ಲಿ ಹೊರಡಬೇಕಾದದ್ದು ಹಿಜರಿ 1213, ಅಂದರೆ ನಮ್ಮ 1799. ಬಹಳ ಕಷ್ಟದ ಆಟ. ಆದರೆ ಆ ಕಷ್ಟದ ಫಲ ನೋಡಿ: ಆ ಮಾತನ್ನು ಬೇರೆ ವರ್ಷ ತೀರಿಕೊಂಡ ಯಾರಿಗೂ ಎರವಲು ಕೊಡಲಾಗದು. ಅಲ್ಲಿನ ಅಕ್ಷರದ ಕಟ್ಟು ಪದ್ಯವನ್ನು ಒಬ್ಬರಿಗೆ ಬಿಗಿದಿದೆ. ನಮ್ಮ ಬೀಳ್ಕೊಡುಗೆಯ ಕಟ್ಟು ಪದ್ಯವನ್ನು ಎಲ್ಲರಿಗೂ ಸಡಿಲಿಸಿದೆ. ತೌಶೀಹ್ ಬರೆದವರು ಹೆಸರನ್ನೇ ಸಾಲುಗಳಿಗೆ ಇಳಿಸಿದ್ದರ ಹಿಂದಿನ ಜಾಣತನವೂ ಇದೇ. ಮೇಷ್ಟ್ರ ಹೆಸರಿನ ಅಕ್ಷರಗಳನ್ನೇ ಕೆಳಕ್ಕಿಳಿಸಿದರೆ ಕವಿತೆ ಅಷ್ಟರಮಟ್ಟಿಗಾದರೂ ಅವರದಾಗುತ್ತದೆ.

ಈ ಕವಿತೆಗಳು ಹೀಗೇಕಾಗುತ್ತವೆ ಎನ್ನುವುದಕ್ಕೆ ವೇಳೆಯೂ ಒಂದು ಕಾರಣ. ಸರ್ಕಾರಿ ಶಾಲೆಯ ಮೇಷ್ಟ್ರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ತಿಂಗಳ ಮೊದಲ ತಾರೀಖಿನಂದೇ ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಗೇ. ಜೂನ್ 1 ಎಂದು ಹುಟ್ಟಿದ ದಿನ ಬರೆಸಿದವರು ಮೇ 31ಕ್ಕೆ, ಬೇಸಿಗೆ ರಜೆ ಮುಗಿದೂ ಮುಗಿಯದ ಹೊತ್ತಿಗೆ, ಹೊರಡುತ್ತಾರೆ. ಮಕ್ಕಳು ಸಿಕ್ಕುವುದಿಲ್ಲ. ಚೌಕಟ್ಟಿನ ಅಂಗಡಿಯವನು ನಾಳೆಯೇ ಬರಹ ಬೇಕೆನ್ನುತ್ತಾನೆ. ಶಾಲೆಯ ಕನ್ನಡ ಮೇಷ್ಟ್ರು ರಾತ್ರಿ ಕೂತು ಒಬ್ಬರೇ ಬರೆಯುತ್ತಾರೆ. ಅವರಿಗೆ ಕಬ್ಬಿನ ಜಲ್ಲೆಯ ವಿಷಯ ತಿಳಿದಿರುವುದಿಲ್ಲ, ಅದು ತಿಳಿದಿರುವುದು ಆ ಕಬ್ಬನ್ನು ತಿಂದ ಮಕ್ಕಳಿಗೆ. ನಿವೃತ್ತಿಯ ದಿನ ವರ್ಷಗಳ ಮುಂಚೆಯೇ ಗೊತ್ತಿರುವ ದಿನ. ಪರೀಕ್ಷೆ ಮುಗಿಯುವುದರೊಳಗೆ ಮಕ್ಕಳ ಕೈಗೆ ಒಂದೊಂದು ಚೀಟಿ ಕೊಟ್ಟು, ‘ಮೇಷ್ಟ್ರು ನಿನಗೆ ಮಾಡಿದ ಒಂದು ಕೆಲಸ ಬರಿ’ ಎಂದರೆ ಸಾಕು, ಕವಿತೆಯ ಮುಕ್ಕಾಲು ಪಾಲು ಬರೆದಾದಂತೆ. ‘ಮೇಷ್ಟ್ರ ಬಗ್ಗೆ ಬರಿ’ ಎನ್ನಬಾರದು, ಹಾಗೆಂದರೆ ಚೀಟಿಯ ತುಂಬ ಜ್ಞಾನದ ಜ್ಯೋತಿಯೇ ತುಂಬಿರುತ್ತದೆ.

ಕೊನೆಗೆ ಪರೀಕ್ಷೆ ಸುಲಭದ್ದು. ಬರೆದಾದ ಮೇಲೆ ಮೇಷ್ಟ್ರ ಹೆಸರಿನ ಮೇಲೆ ಬೆರಳಿಟ್ಟು, ಇನ್ನೊಬ್ಬ ಮೇಷ್ಟ್ರ ಹೆಸರು ಹಾಕಿ ಓದಿ ನೋಡಬೇಕು. ಒಪ್ಪಿದರೆ ಕವಿತೆಯನ್ನು ಹರಿದುಹಾಕಿ ಹೊಸದಾಗಿ ಬರೆಯಬೇಕು. ಒಪ್ಪದಿದ್ದರೆ ಚೌಕಟ್ಟಿನ ಅಂಗಡಿಗೆ ಕೊಡಬಹುದು.